ಆ ಕುರ್ಚಿ ಖಾಲಿಯಾದದ್ದು ಯಾಕೆ?

ಹುಬ್ಬಳ್ಳಿಯಲ್ಲಿ ಏಳು ವರ್ಷದಿಂದ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿರುವ ಒಬ್ಬಾಕೆಗೆ ಜೂನ್ 1ರಂದು ಬೆಂಗಳೂರಿನ ಕನ್ಸಲ್ಟೆನ್ಸಿಯಿಂದ ಫೋನ್ ಬರುತ್ತದೆ ಎಂದಿಟ್ಟುಕೊಳ್ಳಿ. ಟೀಮ್ ಲೀಡ್ ಕೆಲಸ, ಸಂಬಳವೂ ಚೆನ್ನಾಗಿದೆ.

"ಇದು ಹೊಸ ಹುದ್ದೆಯಾ ಸರ್, ಇಲ್ಲ ಯಾರಾದರೂ ಬಿಟ್ಟ ಜಾಗವಾ?"

"ರಿಪ್ಲೇಸ್‌ಮೆಂಟ್ ಮೇಡಂ. ಈಗಿನ ಲೀಡ್ ಪೇಪರ್ ಹಾಕಿದ್ದಾರೆ, ಜುಲೈ 31 ಅವರ ಕೊನೆಯ ದಿನ."

ಈ ಒಂದು ಉತ್ತರದಲ್ಲೇ ಲೆಕ್ಕ ಶುರುವಾಗುತ್ತದೆ. ಐಟಿ ಕಂಪನಿಗಳಲ್ಲಿ ನೋಟಿಸ್ ಪೀರಿಯಡ್ ಹಲವು ಕಡೆ 90 ದಿನ. ಆಕೆ ಇವತ್ತೇ ರಾಜೀನಾಮೆ ಕೊಟ್ಟರೂ ಬಿಡುಗಡೆ ಸಿಗುವುದು ಆಗಸ್ಟ್ ಕೊನೆಗೆ. ಅಷ್ಟರಲ್ಲಿ ಹಳೆಯ ಲೀಡ್ ಹೋಗಿ ತಿಂಗಳಾಗಿರುತ್ತದೆ. ಯಾವ ಟೆಸ್ಟ್ ಯಾಕೆ ನಿಂತಿದೆ, ಕ್ಲೈಂಟ್ ಯಾವುದಕ್ಕೆ ಸಿಡುಕುತ್ತಾರೆ ಎಂದು ಹೇಳಿಕೊಡಲು ಅವರಿರುವುದಿಲ್ಲ. ಹಾಗಾಗಿ ನೋಟಿಸ್ ಬೈಔಟ್ ಹಣವನ್ನು ಹೊಸ ಕಂಪನಿ ಕೊಡುತ್ತದೆಯೇ, ಇಲ್ಲವಾದರೆ ಜುಲೈಯೊಳಗೆ ಹ್ಯಾಂಡೋವರ್ ತೆಗೆದುಕೊಳ್ಳುವವರು ಯಾರು ಎಂದು ಆಫರ್ ಒಪ್ಪುವ ಮೊದಲೇ ಕೇಳಿಕೊಳ್ಳಬೇಕು.

ಬಿಟ್ಟದ್ದು ಯಾಕೆ ಎಂದರೆ ಸಿಗುವ ಉತ್ತರ ಸಾಮಾನ್ಯವಾಗಿ "ಪರ್ಸನಲ್ ರೀಸನ್". ಅದಕ್ಕಿಂತ, ಅವರು ಎಷ್ಟು ದಿನ ಇದ್ದರು, ಅವರಿಗಿಂತ ಮುಂಚಿನವರು ಎಷ್ಟು ದಿನ ಇದ್ದರು ಎಂದು ಕೇಳಿದರೆ ಹೆಚ್ಚು ತಿಳಿಯುತ್ತದೆ. ಐದು ವರ್ಷ ಇದ್ದವರು ಬಿಟ್ಟರೆ ಅದು ಸಹಜ. ಎರಡು ವರ್ಷದಲ್ಲಿ ಇಬ್ಬರು ಬಿಟ್ಟಿದ್ದರೆ ಕೆಲಸದ ಹೊರೆಯನ್ನೋ ಮ್ಯಾನೇಜರನ್ನೋ ವಿಚಾರಿಸಬೇಕಾಗುತ್ತದೆ.

ಹೊಸ ಹುದ್ದೆ ಎಂದರೆ ಕೇಳಬೇಕಾದದ್ದೇ ಬೇರೆ. ಬಜೆಟ್‌ಗೆ ಒಪ್ಪಿಗೆ ಸಿಕ್ಕಿದೆಯೇ? ಕ್ಲೈಂಟ್ ಸಹಿ ಹಾಕಿದ್ದಾರೆಯೇ? ಪ್ರಾಜೆಕ್ಟ್ ಬರುತ್ತದೆಂಬ ನಂಬಿಕೆಯ ಮೇಲೆ ಆಳು ತೆಗೆದುಕೊಂಡು, ಅದು ಮುಂದೆ ಹೋದರೆ ಹೊಸಬರು ಬೆಂಚ್ ಮೇಲೆ ಕೂರುತ್ತಾರೆ.

ಇದೆಲ್ಲ ಹೊರಗಿನ ರಿಕ್ರೂಟರ್‌ಗೆ ಗೊತ್ತಿರಲೇಬೇಕೆಂದಿಲ್ಲ. ಅವರ ಕೈಯಲ್ಲಿ ಕೆಲಸದ ವಿವರದ ಒಂದು ಹಾಳೆ ಮಾತ್ರ ಇರಬಹುದು. ಆದರೂ ವಿಚಾರಿಸಿ ಹೇಳುವುದರಲ್ಲಿ ಅವರಿಗೂ ಲಾಭವಿದೆ. ಕನ್ಸಲ್ಟೆನ್ಸಿಯ ಕಮಿಷನ್ ಬಹಳ ಕಡೆ ವಾರ್ಷಿಕ ಸಂಬಳದ 8.33 ಶೇಕಡಾ, ಅಂದರೆ ಒಂದು ತಿಂಗಳ ಸಂಬಳ. ಸೇರಿದವರು ಒಪ್ಪಂದದ ಅವಧಿಯೊಳಗೆ, ಸಾಮಾನ್ಯವಾಗಿ ಮೂರು ತಿಂಗಳಲ್ಲಿ, ಬಿಟ್ಟರೆ ಇನ್ನೊಬ್ಬರನ್ನು ಪುಕ್ಕಟೆ ಹುಡುಕಿಕೊಡಬೇಕು.

ಹಾಗಾಗಿ ಹುಬ್ಬಳ್ಳಿಯಾಕೆ ಅದೇ ಪ್ರಶ್ನೆಯನ್ನು ಇಂಟರ್‌ವ್ಯೂನಲ್ಲಿ ಮ್ಯಾನೇಜರ್‌ಗೂ ಕೇಳುತ್ತಾರೆ. "ಹಿಂದಿನ ಲೀಡ್ 14 ತಿಂಗಳು ಇದ್ದರು. ರಾತ್ರಿ ರಿಲೀಸ್ ಕಾಲ್‌ಗಳು ಜಾಸ್ತಿಯಾಗಿದ್ದವು. ಈಗ ಇಬ್ಬರು ಲೀಡ್‌ಗಳನ್ನು ತೆಗೆದುಕೊಳ್ಳುತ್ತಿದ್ದೇವೆ." ಅಂದರೆ ಒಂದು ಹಳೆಯ ಜಾಗ, ಇನ್ನೊಂದು ಹೊಸದು. ಆ ಎರಡನೆಯದಕ್ಕೆ ಮಂಜೂರಾತಿ ಬಂದಿದೆಯೇ, ಬರುವವರೆಗೆ ರಾತ್ರಿಯ ಕಾಲ್ ಯಾರ ಪಾಲಿಗೆ ಎಂಬುದು ಆಕೆಯ ಮುಂದಿನ ಪ್ರಶ್ನೆ.