ಸ್ಪ್ಯಾನರ್ ಉದ್ದವಿದ್ದರೆ ಸಾಕೆ?

ಪಂಕ್ಚರ್ ಆದ ಕಾರಿನ ಚಕ್ರ ಬಿಚ್ಚುವಾಗ ಸ್ಪ್ಯಾನರ್ ಅದೇ, ಮೇಲೆ ಹಾಕುವ ಮೈಭಾರವೂ ಅದೇ. ಆದರೂ ಹಿಡಿಯನ್ನು ಒಂದು ರೀತಿ ಕೂರಿಸಿದರೆ ನಟ್ ಜಗ್ಗುವುದಿಲ್ಲ, ಇನ್ನೊಂದು ರೀತಿ ಕೂರಿಸಿದರೆ ಸಡಿಲವಾಗುತ್ತದೆ. ನಟ್ಟಿನ ಸುತ್ತ ತಿರುಗಿಸಲು ಬಲಕ್ಕಿರುವ ಸಾಮರ್ಥ್ಯ ಬೇರೆಯಾದದ್ದೇ ಇದಕ್ಕೆ ಕಾರಣ. ಇಂಜಿನಿಯರಿಂಗ್ ತರಗತಿಯಲ್ಲಿ ಇದನ್ನು ಆ ಬಲದ ಮೊಮೆಂಟ್ ಎನ್ನುತ್ತಾರೆ.

ಸ್ಪ್ಯಾನರ್ 30 ಸೆಂಟಿಮೀಟರ್ ಉದ್ದವಿದೆ ಎನ್ನೋಣ. ಹಿಡಿ ನಟ್ಟಿನ ಎಡಕ್ಕೆ ಓರೆಯಾಗಿ ಮೇಲೆದ್ದಿದೆ: ಅದರ ತುದಿ ನಟ್ಟಿನಿಂದ 24 ಸೆಂಟಿಮೀಟರ್ ಎಡಕ್ಕೆ, 18 ಸೆಂಟಿಮೀಟರ್ ಮೇಲಕ್ಕೆ. ಆ ತುದಿಯನ್ನು ನೇರ ಕೆಳಕ್ಕೆ 400 ನ್ಯೂಟನ್ ಬಲದಿಂದ, ಅಂದರೆ ಸುಮಾರು 40 ಕಿಲೋ ಭಾರದಷ್ಟು, ಒತ್ತುತ್ತೀರಿ. ಇಲ್ಲಿ 400ನ್ನು 0.30ರಿಂದ ಗುಣಿಸಿ 120 ಎಂದರೆ ಉತ್ತರ ತಪ್ಪು. ಬಲ ಸಾಗುವ ಗೆರೆಯನ್ನು ಎರಡೂ ಕಡೆ ಉದ್ದಕ್ಕೆ ಎಳೆಯಿರಿ. ನಟ್ಟಿನಿಂದ ಆ ಗೆರೆಗೆ ಲಂಬವಾಗಿ ಅಳೆದ ದೂರವಷ್ಟೇ ಲೆಕ್ಕಕ್ಕೆ ಬರುತ್ತದೆ. ಗೆರೆ ನೆಟ್ಟಗೆ ಕೆಳಗಿಳಿಯುವುದರಿಂದ ಆ ದೂರ 24 ಸೆಂಟಿಮೀಟರ್. ಹಾಗಾಗಿ ಮೊಮೆಂಟ್ 400 × 0.24 = 96 ನ್ಯೂಟನ್-ಮೀಟರ್. ಹಿಡಿಯನ್ನು ಅಡ್ಡಕ್ಕೆ ಮಲಗಿಸಿದರೆ ಮಾತ್ರ ಪೂರ್ತಿ 120 ಸಿಗುತ್ತದೆ. ಹಿಡಿ ನಟ್ಟಿನ ಮೇಲೆ ನೆಟ್ಟಗೆ ನಿಂತಿದ್ದರೆ ಬಲದ ಗೆರೆ ನಟ್ಟಿನ ಮೂಲಕವೇ ಹಾದುಹೋಗುತ್ತದೆ. ಎಷ್ಟು ಒತ್ತಿದರೂ ಮೊಮೆಂಟ್ ಸೊನ್ನೆ.

ಇನ್ನು ಚಿಹ್ನೆ. ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸುವ ಮೊಮೆಂಟ್ ಧನ, ಮುಳ್ಳಿನ ದಿಕ್ಕಿನದು ಋಣ ಎಂಬುದು ರೂಢಿ. ಎಡಗಡೆ ತುದಿಯನ್ನು ಕೆಳಕ್ಕೆ ಒತ್ತಿದಾಗ ನಟ್ ಮುಳ್ಳಿಗೆ ವಿರುದ್ಧವಾಗಿ ತಿರುಗಿ ಸಡಿಲವಾಗುತ್ತದೆ. ಆದ್ದರಿಂದ ಇದು +96.

ಜನ ಎಡವುವುದು ಬಲ ಓರೆಯಾದಾಗ. ಒತ್ತುವಾಗ ಮೈ ಚಕ್ರದ ಕಡೆಗೆ ವಾಲಿ, ಕೆಳಕ್ಕೆ 400 ನ್ಯೂಟನ್ ಜೊತೆ ಬಲಕ್ಕೆ 100 ನ್ಯೂಟನ್ ಕೂಡ ಬಿತ್ತೆನ್ನಿ. ಆಗ ಲಂಬ ದೂರ ಹುಡುಕುವುದಕ್ಕಿಂತ ಬಲವನ್ನು ಎರಡು ಭಾಗ ಮಾಡುವುದು ಸುಲಭ:

M = x·Fy − y·Fx

ನಟ್ಟಿನಿಂದ ಬಲಕ್ಕೂ ಮೇಲಕ್ಕೂ ಅಳೆದದ್ದು ಧನ, ಎಡಕ್ಕೂ ಕೆಳಕ್ಕೂ ಅಳೆದದ್ದು ಋಣ. ಮೊದಲ ಭಾಗ (−0.24) × (−400) = +96. ಎರಡನೆಯದು 0.18 × 100 = 18; ಸೂತ್ರದಲ್ಲಿ ಅದನ್ನು ಕಳೆಯಬೇಕು. ಉಳಿಯುವುದು 78. ಚಿತ್ರ ನೋಡಿದರೂ ಇದು ಸರಿ: ನಟ್ಟಿಗಿಂತ ಮೇಲಿರುವ ತುದಿಯನ್ನು ಬಲಕ್ಕೆ ತಳ್ಳಿದರೆ ಅದು ಮುಳ್ಳಿನ ದಿಕ್ಕಿಗೇ ತಿರುಗಿಸುತ್ತದೆ, ಅಂದರೆ ನಟ್ಟನ್ನು ಬಿಗಿ ಮಾಡುತ್ತದೆ. ಈ ಚಿಹ್ನೆ ಮರೆತು ಕೂಡಿಸಿದವರಿಗೆ 114 ಬರುತ್ತದೆ. ಒಟ್ಟು ಬಲ 400ರಿಂದ ಸುಮಾರು 412ಕ್ಕೆ ಏರಿದರೂ ಲಂಬ ದೂರ 24ರಿಂದ ಸುಮಾರು 19 ಸೆಂಟಿಮೀಟರಿಗೆ ಇಳಿಯಿತು. ತಿರುವು ಕಡಿಮೆಯಾದದ್ದು ಅದಕ್ಕೇ.

ಇನ್ನೊಮ್ಮೆ ನಟ್ ಜಿಗುಟು ಹಿಡಿದರೆ ಹೆಚ್ಚು ಜೋರು ಹಾಕುವ ಮೊದಲು ಹಿಡಿಯನ್ನು ಎಡಕ್ಕೆ ಅಡ್ಡವಾಗಿ ಕೂರಿಸಿ, ನೇರ ಕೆಳಕ್ಕೆ ಒತ್ತಿ ನೋಡಿ. ಚಕ್ರ ನೆಲದ ಮೇಲಿರುವಾಗಲೇ, ಜ್ಯಾಕ್ ಏರಿಸುವ ಮುಂಚೆ, ಈ ಕೆಲಸ ಆಗಬೇಕು.