ನಕ್ಷೆಯಲ್ಲಿ ಕಾಣೆಯಾದ ಮೂರಡಿ

ಮೂವತ್ತು–ನಲವತ್ತರ ನಿವೇಶನ. ಕ್ರಯಪತ್ರದಲ್ಲಿ 1200 ಚದರಡಿ ಇದೆ, ನಗರಸಭೆಯ ಕಂಪ್ಯೂಟರ್ ನಕ್ಷೆಯಲ್ಲಿ 1080. ಪಕ್ಕದವರು ಒತ್ತುವರಿ ಮಾಡಿದ್ದಾರೆಂಬ ಅನುಮಾನ ಮೊದಲು ಬರುತ್ತದೆ. ಎಷ್ಟೋ ಸಲ ಅವರಿಗೆ ಸಂಗತಿಯೇ ಗೊತ್ತಿರುವುದಿಲ್ಲ.

ಇಂಥ ನಕ್ಷೆಗಳನ್ನು ಸಾಮಾನ್ಯವಾಗಿ ಉಪಗ್ರಹ ಅಥವಾ ಡ್ರೋನ್ ಚಿತ್ರದ ಮೇಲೆ ಗೆರೆ ಎಳೆದು ತಯಾರಿಸುತ್ತಾರೆ. ಮೇಲಿನಿಂದ ಕಾಣುವುದು ಚಾವಣಿ, ಚಕ್ಕುಬಂದಿಯಲ್ಲ. ಮಾಲೀಕರು ಪೂರ್ವಕ್ಕೆ ಮೂರಡಿ ಖಾಲಿ ಬಿಟ್ಟು ಮನೆ ಕಟ್ಟಿದ್ದಾರೆ, ನಡುವೆ ಕಾಂಪೌಂಡ್ ಇಲ್ಲ ಎಂದುಕೊಳ್ಳಿ. ಗೆರೆ ಎಳೆಯುವವರು ಚಾವಣಿಯ ಅಂಚನ್ನೇ ಗಡಿಯೆಂದು ಹಿಡಿದರೆ ಆ ಮೂರಡಿ ಪಕ್ಕದ ನಿವೇಶನಕ್ಕೆ ಸೇರುತ್ತದೆ. ಇವರದು 27 ಅಡಿ, ಅವರದು 33. ಕೂಡಿದರೆ 60, ಬಡಾವಣೆ ನಕ್ಷೆಯಲ್ಲಿರುವಷ್ಟೇ. ತಪ್ಪಿರುವುದು ನಡುವಿನ ಒಂದೇ ಗೆರೆ ಎನ್ನುವುದಕ್ಕೆ ಇದು ಬಲವಾದ ಸುಳಿವು.

ಬೀದಿಯ ನಿವೇಶನಗಳೆಲ್ಲ ಒಂದೇ ದಿಕ್ಕಿಗೆ ಸರಿದಿದ್ದು ವಿಸ್ತೀರ್ಣ ಸರಿಯಾಗಿದ್ದರೆ ಕಥೆ ಬೇರೆ. ಅಲ್ಲಿ ನಕ್ಷೆಯನ್ನು ಚಿತ್ರದ ಮೇಲೆ ಕೂರಿಸುವಾಗಲೇ ತಪ್ಪಾಗಿರುತ್ತದೆ. ಒಬ್ಬರ ಗೆರೆಯನ್ನಷ್ಟೇ ಸರಿಸಿದರೆ ಅದು ಪಕ್ಕದವರ ಜಾಗಕ್ಕೆ ನುಗ್ಗುತ್ತದೆ.

ಅರ್ಜಿಯಲ್ಲಿ ‘ನನ್ನ ನಕ್ಷೆ ಸರಿಪಡಿಸಿ’ ಎಂದಷ್ಟೇ ಬರೆದರೆ ಸಿಬ್ಬಂದಿಗೆ ಏನು ಮಾಡಬೇಕೆಂದು ತಿಳಿಯದು. ಪೌರಾಯುಕ್ತರಿಗೆ ಬರೆಯುವ ಪತ್ರದಲ್ಲಿ ಆಸ್ತಿ ಸಂಖ್ಯೆಯ ನಂತರ ನೇರವಾಗಿ ಹೀಗೆ ಹೇಳಬಹುದು:

“ಸದರಿ ನಿವೇಶನದ ಪೂರ್ವದ ಗಡಿರೇಖೆಯನ್ನು ಮನೆಯ ಚಾವಣಿಯ ಅಂಚಿನಲ್ಲಿ ಗುರುತಿಸಲಾಗಿದೆ. ಕ್ರಯಪತ್ರ ಹಾಗೂ ಅನುಮೋದಿತ ಬಡಾವಣೆ ನಕ್ಷೆಯಂತೆ ಅದು ಮೂರು ಅಡಿ ಪೂರ್ವಕ್ಕಿರಬೇಕು. ಸ್ಥಳ ಪರಿಶೀಲಿಸಿ, ಅಳತೆ ಮಾಡಿಸಿ, ಗಡಿರೇಖೆಯನ್ನೂ ದಾಖಲೆಯ ವಿಸ್ತೀರ್ಣವನ್ನೂ ತಿದ್ದಿ, ಲಿಖಿತ ಹಿಂಬರಹ ನೀಡಬೇಕಾಗಿ ಕೋರುತ್ತೇನೆ.”

ವಿಸ್ತೀರ್ಣವನ್ನು ಪ್ರತ್ಯೇಕವಾಗಿ ಹೆಸರಿಸುವುದು ಅಗತ್ಯ. ಅಂಕಿಯನ್ನು ಬೇರೆಯೇ ನಮೂದಿಸಿರುವ ಕಡೆ ಗೆರೆ ಸರಿದರೂ 1080 ಹಾಗೇ ಉಳಿಯುತ್ತದೆ.

ಲಗತ್ತಿನಲ್ಲಿ ಕ್ರಯಪತ್ರ, ಬಡಾವಣೆ ನಕ್ಷೆ, ತಪ್ಪು ಗೆರೆಯನ್ನು ಕೆಂಪು ಶಾಯಿಯಲ್ಲಿ ಗುರುತಿಸಿದ ನಗರಸಭೆಯ ನಕ್ಷೆಯ ಪ್ರತಿ ಇರಲಿ. ಮೊಬೈಲಿನ ಜಿಪಿಎಸ್ ಅಂಕಿಗಳು ಇಲ್ಲಿ ಸಾಕ್ಷಿಯಾಗವು. ಬಯಲಿನಲ್ಲೂ ಅವು ನಾಲ್ಕೈದು ಮೀಟರ್ ತಪ್ಪಬಹುದು, ಮೂರಡಿಯೆಂದರೆ ಒಂದು ಮೀಟರೂ ಇಲ್ಲ. ಟೇಪು ಹಿಡಿದು ಅಳೆದದ್ದೇ ಲೇಸು.

ಎಲ್ಲಕ್ಕಿಂತ ನೆರವಾಗುವ ಕಾಗದ ಪಕ್ಕದ ಮಾಲೀಕರ ಒಪ್ಪಿಗೆ ಪತ್ರ. ಇವರದು ಹಿಗ್ಗಿದರೆ ಅವರದು ಕುಗ್ಗುತ್ತದೆ, ಆದ್ದರಿಂದ ಅವರನ್ನು ಕೇಳದೆ ತಿದ್ದುವುದು ನ್ಯಾಯವಲ್ಲ. ಕಚೇರಿಗೆ ಹೋಗುವ ಮುನ್ನವೇ ಅವರ ಮನೆಗೆ ಹೋಗಿ ನಕ್ಷೆ ತೋರಿಸುವುದು ಒಳ್ಳೆಯದು.

ಅವರು ಜಾಗ ತಮ್ಮದೇ ಎಂದರೆ ಈ ಪತ್ರ ಸಾಲದು. ಖಾತೆಯಾಗಲಿ ತೆರಿಗೆ ನಕ್ಷೆಯಾಗಲಿ ಒಡೆತನ ಕೊಡುವುದಿಲ್ಲ, ಅದನ್ನು ಸಿವಿಲ್ ನ್ಯಾಯಾಲಯವೇ ತೀರ್ಮಾನಿಸಬೇಕು. ಕ್ರಯಪತ್ರದಲ್ಲೇ ಅಳತೆ ತಪ್ಪಿದ್ದರೆ ಮೊದಲು ಉಪನೋಂದಣಿ ಕಚೇರಿಯಲ್ಲಿ ತಿದ್ದುಪಡಿ ಪತ್ರ ಆಗಬೇಕು.

ಅರ್ಜಿ ಕೊಟ್ಟ ದಿನವೇ ಸ್ವೀಕೃತಿ ಪಡೆಯಿರಿ. ತಿದ್ದುಪಡಿಯಾದ ಮೇಲೆ ಹೊಸ ನಕ್ಷೆಯ ಪ್ರತಿ ತೆಗೆಸಿ, ನಿಮ್ಮದರ ಜೊತೆಗೆ ಪಕ್ಕದ ನಿವೇಶನದ ಅಳತೆಯೂ 30 ಅಡಿ ಆಗಿದೆಯೇ ನೋಡಿಕೊಳ್ಳಿ.