ಒಂದೇ ಬೀಕರು, ಮೂರು ದಾರಿ

ಪ್ರೌಢಶಾಲೆಯ ಪ್ರಾಯೋಗಿಕ ಪರೀಕ್ಷೆಯಲ್ಲಿ ಹೀಗೊಂದು ಪ್ರಶ್ನೆ ಬಂತೆನ್ನಿ. ಬೀಕರಿನಲ್ಲಿ ಮರಳು, ನೀರು ಮತ್ತು ಕಪ್ಪು ಸ್ಕೆಚ್ ಪೆನ್ನಿನ ಶಾಯಿ ಬೆರೆತಿವೆ. ಮರಳನ್ನು ಬೇರ್ಪಡಿಸಿ, ಬಣ್ಣವಿಲ್ಲದ ನೀರು ಪಡೆಯಿರಿ, ಶಾಯಿಯಲ್ಲಿ ಎಷ್ಟು ಬಣ್ಣಗಳಿವೆ ಹೇಳಿ. ಮಿಶ್ರಣದಲ್ಲಿ ಏನೇನಿದೆ ಎಂಬುದನ್ನಷ್ಟೇ ನೋಡುವ ವಿದ್ಯಾರ್ಥಿ ಇಲ್ಲಿ ತಡವರಿಸುತ್ತಾನೆ. ನಮಗೆ ಬೇಕಾದದ್ದು ಏನು, ಅದು ನೀರಿನಲ್ಲಿ ಕರಗಿದೆಯೋ ಇಲ್ಲವೋ ಎಂದು ಮೊದಲು ಕೇಳಿಕೊಳ್ಳಬೇಕು.

ಮರಳು ಕರಗಿಲ್ಲ, ಹಾಗಾಗಿ ಸೋಸಿದರೆ ಸಾಕು. ಫಿಲ್ಟರ್ ಪೇಪರ್ ಮೇಲೆ ಉಳಿದ ಮರಳಿಗೆ ಒಂದೆರಡು ಸಲ ಸ್ವಲ್ಪ ನೀರು ಸುರಿದು ಅಂಟಿದ ಶಾಯಿಯನ್ನು ತೊಳೆಯಬೇಕು. ಕೆಳಗಿಳಿದ ನೀರು ಮಾತ್ರ ಕಪ್ಪಾಗಿಯೇ ಇರುತ್ತದೆ. ಕಾಗದದ ರಂಧ್ರಗಳಿಗಿಂತ ಬಣ್ಣದ ಅಣುಗಳು ತೀರಾ ಚಿಕ್ಕವು. ಎಷ್ಟು ಸಲ ಸೋಸಿದರೂ ಅವು ನುಸುಳಿಹೋಗುತ್ತವೆ.

ಆ ಕಪ್ಪು ನೀರನ್ನು ತೆರೆದ ಬಟ್ಟಲಲ್ಲಿ ಕಾಯಿಸಿದರೆ ಬಣ್ಣ ಉಳಿದು ನೀರು ಗಾಳಿಗೆ ಹೋಗುತ್ತದೆ. ನಮಗೆ ಬೇಕಾದದ್ದು ನೀರು. ಆದ್ದರಿಂದ ಆವಿಯನ್ನು ಹಿಡಿದು ತಣಿಸುವ ಆಸವನ, ಅಂದರೆ ಭಟ್ಟಿ ಇಳಿಸುವುದೇ ಗತಿ. ಥರ್ಮಾಮೀಟರಿನ ಬುರುಡೆ ದ್ರವದೊಳಗಲ್ಲ, ಆವಿ ಹೊರಳುವ ಪಕ್ಕದ ಕೊಳವೆಯ ಬಾಯಿಯ ಮಟ್ಟದಲ್ಲಿರಬೇಕು. ಕಂಡೆನ್ಸರಿಗೆ ತಣ್ಣೀರು ಕೆಳಗಿನಿಂದ ಒಳಹೋಗಿ ಮೇಲಿನಿಂದ ಹೊರಬರಬೇಕು, ಆಗಷ್ಟೇ ಅದರ ಹೊರಕವಚ ಪೂರ್ತಿ ತುಂಬಿರುತ್ತದೆ. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಥರ್ಮಾಮೀಟರು 97 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ನಿಂತರೆ ಗಾಬರಿ ಬೇಡ. ಇಳಿದ ನೀರಿಗೆ ತುಸು ಬಣ್ಣ ಬಂದಿದ್ದರೆ ಕುದಿತ ಜೋರಾಗಿ ಶಾಯಿ ಚಿಮ್ಮಿದೆ ಎಂದರ್ಥ. ಫ್ಲಾಸ್ಕಿಗೆ ಮೊದಲೇ ನಾಲ್ಕಾರು ಪಿಂಗಾಣಿ ಚೂರು ಹಾಕಿ, ಉರಿ ತಗ್ಗಿಸಿದರೆ ಅದು ತಪ್ಪುತ್ತದೆ.

ಮೂರನೆಯದಕ್ಕೆ ಆಸವನ ಕೈಕೊಡುತ್ತದೆ. ಶಾಯಿಯ ಬಣ್ಣಗಳು ಆವಿಯಾಗದೆ ಒಟ್ಟಿಗೇ ತಳದಲ್ಲಿ ಉಳಿಯುತ್ತವೆ. ಅವುಗಳನ್ನು ಬಿಡಿಸುವುದು ಕ್ರೊಮ್ಯಾಟೊಗ್ರಫಿ. ರಷ್ಯದ ಸಸ್ಯವಿಜ್ಞಾನಿ ಮಿಖಾಯಿಲ್ ಟ್ಸ್ವೆಟ್ 1903ರಲ್ಲಿ ಎಲೆಯ ವರ್ಣದ್ರವ್ಯಗಳ ಮೇಲೆ ತೋರಿಸಿಕೊಟ್ಟ ವಿಧಾನವಿದು. ಬಣ್ಣವೊಂದು ಕಾಗದಕ್ಕೆ ಎಷ್ಟು ಅಂಟುತ್ತದೆ, ಏರುವ ನೀರಿನೊಂದಿಗೆ ಎಷ್ಟು ಸಾಗುತ್ತದೆ ಎಂಬ ಜಗ್ಗಾಟದಲ್ಲಿ ಬಣ್ಣಗಳು ಒಂದೊಂದು ಎತ್ತರಕ್ಕೆ ಚದುರುತ್ತವೆ.

ಬೀಕರಿನ ಶಾಯಿ ತೆಳುವಾಗಿರುವುದರಿಂದ ಮೊದಲು ಅದನ್ನು ಕಾಯಿಸಿ ಗಟ್ಟಿಯಾಗಿಸಬೇಕು. ಫಿಲ್ಟರ್ ಪೇಪರಿನ ಪಟ್ಟಿಯ ತುದಿಯಿಂದ 2 ಸೆಂಟಿಮೀಟರ್ ಮೇಲೆ ಪೆನ್ಸಿಲಿನಲ್ಲೇ ಗೆರೆ ಎಳೆಯಿರಿ. ಪೆನ್ನಿನ ಗೆರೆಯಾದರೆ ಅದೂ ಏರಿ ಕಲಸಿಹೋಗುತ್ತದೆ. ಗೆರೆಯ ಮೇಲೆ ಪುಟ್ಟ ಚುಕ್ಕೆಯಿಟ್ಟು, ಒಣಗಿಸಿ, ಅಲ್ಲೇ ಮತ್ತೆ ಇಡಿ. ನೀರು ಚುಕ್ಕೆಗಿಂತ ಕೆಳಗಿರಲಿ, ಮುಟ್ಟಿದರೆ ಶಾಯಿ ಪಾತ್ರೆಯಲ್ಲೇ ಕರಗುತ್ತದೆ. ಗೆರೆಯಿಂದ ನೀರು 8 ಸೆಂಟಿಮೀಟರ್ ಏರಿ, ನೀಲಿ ಕಲೆ 6 ಸೆಂಟಿಮೀಟರಿನಲ್ಲಿ ನಿಂತಿದ್ದರೆ ಅದರ Rf ಬೆಲೆ 6/8, ಅಂದರೆ 0.75. ಅದೇ ಕಾಗದ, ಅದೇ ದ್ರಾವಕ ಇರುವಾಗಲಷ್ಟೇ ಇನ್ನೊಂದು ಶಾಯಿಯೊಂದಿಗೆ ಈ ಅಂಕಿಯನ್ನು ಹೋಲಿಸಬಹುದು.

ಒಂದೇ ಕಲೆ ಬಂದರೆ ಒಂದೇ ಬಣ್ಣವೆಂದು ಬರೆದುಬಿಡಬೇಡಿ. ಎರಡು ಬಣ್ಣ ಜತೆಯಾಗಿಯೇ ಏರಿರಬಹುದು. ಬೇರೆ ದ್ರಾವಕದಲ್ಲಿ ಮತ್ತೊಮ್ಮೆ ನೋಡಬೇಕು. ಚುಕ್ಕೆ ಕದಲದೆ ಇದ್ದಲ್ಲೇ ಇದ್ದರೆ ಶಾಯಿ ನೀರಿನಲ್ಲಿ ಕರಗದ ಮಾರ್ಕರಿನದಿರಬೇಕು. ಅದಕ್ಕೆ ನೀರಿನ ಬದಲು ಸ್ಪಿರಿಟ್ ಬಳಸಿ, ದೀಪದಿಂದ ದೂರವಿಟ್ಟು, ಪಾತ್ರೆಗೆ ಮುಚ್ಚಳ ಹಾಕಿ.